ಗೇರುಬೀಜ ಯಾಕೆ ಹೊರಗೇ ಕೂತಿದೆ?

ಕುಂಬಳೆ ಹತ್ರ ಒಂದು ಪದವು ಇತ್ತು ಮಕ್ಕಳೇ. ಕೆಳಗೆ ಪೂರಾ ಮುರಕಲ್ಲು, ಮೇಲೆ ಒಣಗಿದ ಮುಳಿಹುಲ್ಲು, ಅಷ್ಟೇ. ಅಲ್ಲೊಂದು ಗೇರುಮರ ಬಂದು ಬೇರೂರಿತು. ಅದು ಈ ಊರಿನದ್ದಲ್ಲ, 16ನೇ ಶತಮಾನದಲ್ಲಿ ಪೋರ್ಚುಗೀಸರು ಹಡಗಲ್ಲಿ ಬ್ರೆಜಿಲ್‌ನಿಂದ ತಂದ ಜಾತಿ. (ಅಲ್ಲಿದ್ದಾಗ್ಲೂ ಬೀಜ ಹೊರಗೇ ಇತ್ತಲ್ವಾ ಅಂತ ಜಾಣತನ ಮಾಡ್ಬೇಡಿ, ಕತೆ ಹೇಳೋದು ನಾನು.)

ಪಕ್ಕದಲ್ಲೇ ಒಂದು ಮಾವಿನಮರ. ಮಾವು ಗೇರು ಒಂದೇ ಕುಟುಂಬ, ಇದು ಮಾತ್ರ ನಿಜಕ್ಕೂ ನಿಜ, ಹಾಗಾಗಿ ಗೇರು ಅದನ್ನ ಅಕ್ಕಾ ಅಂತ ಕರೀತಿತ್ತು.

ಜನವರಿ ಚಳಿಗೆ ಗೇರುಮರ ಹೂ ಬಿಡ್ತು. ಒಂದು ಹೂವಿನ ತುದಿಯಲ್ಲಿ ಹಸಿರು ಬೀಜ ಒಂದು ಕಣ್ಣು ಬಿಟ್ಟು ನೋಡ್ತದೆ, ಸುತ್ತ ಎಂತದೂ ಇಲ್ಲ! ಹಣ್ಣಿಲ್ಲ, ತಿರುಳಿಲ್ಲ, ಬರೀ ಗಾಳಿ.

“ಅಮ್ಮಾ, ನನ್ನ ಮನೆ ಎಲ್ಲಿ? ದೊಡ್ಡಮ್ಮನ ಗೊರಟು ನೋಡು, ಒಳಗೆ ಬೆಚ್ಚಗೆ ಮಲಗಿದೆ.”

“ಈ ಕಲ್ಲಲ್ಲಿ ನೀರು ಹುಡುಕುವಷ್ಟರಲ್ಲೇ ನನಗೆ ಸಾಕಾಯ್ತು ಮಗಾ, ಮನೆ ಆಮೇಲೆ ಕಟ್ಟುವ, ಮೊದ್ಲು ನೀನು ದೊಡ್ಡವನಾಗು” ಅಂತು ಮರ.

ಪಾಪ, ಬೀಜ ಎಂತ ಮಾಡೋದು? ಬಿಸಿಲಿಗೆ ಹೆದರಿ ಮೊಣಕಾಲು ಅಪ್ಪಿಕೊಂಡು ಕೂತ್ಕೊಳ್ತು. ಹಾಗೆ ಬಾಗಿದ ಬೆನ್ನು ಇವತ್ತಿಗೂ ನೆಟ್ಟಗಾಗ್ಲಿಲ್ಲ, ಬೇಕಾದ್ರೆ ಒಂದು ಗೋಡಂಬಿ ಕೈಲಿಟ್ಟುಕೊಂಡು ನೋಡಿ. ಬಿಸಿಲಾದ್ರೂ ಪರ್ವಾಗಿಲ್ಲ, ಅಳಿಲು ಬಂತು, ಗಿಳಿ ಬಂತು, ಎಲ್ಲರಿಗೂ ಕುಕ್ಕಿ ನೋಡ್ಬೇಕು. “ಮನೆ ಇಲ್ಲ, ಬಾಗಿಲಿಲ್ಲ, ಇವನನ್ನ ತಿನ್ನೋದು ಸುಲಭ” ಅಂತ ಅಳಿಲಿನ ನಗೆ ಬೇರೆ. ಬೀಜಕ್ಕೆ ಬಂತು ನೋಡಿ ಸಿಟ್ಟು! ಆ ಸಿಟ್ಟು ಎಲ್ಲಾ ಕುದ್ದು ಕುದ್ದು ಸಿಪ್ಪೆಯೊಳಗೆ ಕಪ್ಪು ಸೊನೆಯಾಯ್ತು. ಮರುದಿನ ಅಳಿಲು ಬಂದು ಹಲ್ಲು ಹಾಕಿದ್ದೇ ತಡ, ಬಾಯಿ ಪೂರಾ ಉರಿ, ತುಟಿ ಬೊಬ್ಬೆ ಎದ್ದು ಮೂರು ಗುಡ್ಡ ದಾಟಿ ಓಡಿತು.

ಇದನ್ನೆಲ್ಲ ಒಬ್ಬ ನೋಡ್ತಾ ಇದ್ದ. ಯಾರು ಹೇಳಿ? ತೊಟ್ಟು. ಬೀಜವನ್ನ ಹಿಂದಿಂದ ಗಟ್ಟಿಯಾಗಿ ಹಿಡ್ಕೊಂಡಿದ್ದ ಸಪೂರ ತೊಟ್ಟು, ಯಾರೂ ಅವನನ್ನ ಮಾತಾಡಿಸಿದವರೇ ಇಲ್ಲ.

“ಅಣ್ಣಾ, ನಾನೇ ನಿನಗೆ ಮನೆ ಆಗ್ತೇನೆ” ಅಂದ ತೊಟ್ಟು.

ಸುಮ್ನೆ ಹೇಳಿದ್ದಲ್ಲ. ಮಾರ್ಚ್ ಬಂದದ್ದೇ ತೊಟ್ಟು ಉಬ್ಬಲಿಕ್ಕೆ ಶುರು ಮಾಡ್ತು, ಮೊದ್ಲು ಹಸಿರು, ಮತ್ತೆ ಹಳದಿ, ಮತ್ತೆ ಕೆನ್ನೆ ಕೆಂಪು ಮಾಡ್ಕೊಂಡು, ಮೈ ತುಂಬಾ ರಸ ತುಂಬಿಸ್ಕೊಂಡು, ಪರಿಮಳ ನೋಡಿದ್ರೆ ಗುಡ್ಡದ ಕೆಳಗಿನ ಬಸ್‌ಸ್ಟಾಪಿಗೂ ಬರ್ತಿತ್ತು. ನಾವು ಗೇರುಹಣ್ಣು ಅಂತ ಉಪ್ಪು ಹಾಕಿ ತಿಂದು, ಬಿಳಿ ಅಂಗಿಗೆ ಕಲೆ ಮಾಡಿ, ಅಮ್ಮನ ಹತ್ರ ಬೈಸಿಕೊಳ್ತೇವಲ್ಲ, ಅದು ಈ ಉಬ್ಬಿದ ತೊಟ್ಟೇ!

“ಮನೆ ರೆಡಿ ಅಣ್ಣಾ, ಒಳಗೆ ಬಾ.”

ಬೀಜ ಒಂದು ಹೆಜ್ಜೆ ಇಟ್ಟಿತು. ಅಷ್ಟರಲ್ಲೇ ಸಿಪ್ಪೆಯಿಂದ ಒಂದು ಹನಿ ಸೊನೆ ಹಣ್ಣಿನ ಮೇಲೆ ಬಿತ್ತು, ಸಿಹಿ ಹಣ್ಣು ಒಗರಾಯ್ತು, ಗಂಟಲು ಹಿಡಿಯುವ ಹಾಗೆ. ಬೀಜ ಹೌಹಾರಿ ಹಿಂದೆ ಸರೀತು.

“ಒಂದು ಹನಿಗೇ ಹೀಗಾದ್ರೆ, ನಾನು ಪೂರ್ತಿ ಒಳಗೆ ಬಂದ್ರೆ ನಿನ್ನನ್ನ ಯಾರು ಮುಟ್ತಾರೆ ತಮ್ಮಾ? ಬೇಡ, ನಾನು ಇಲ್ಲೇ ಜಗಲಿಯಲ್ಲಿ ಇರ್ತೇನೆ.”

“ಕಟ್ಟಿದ ಮನೆ ಹಾಳಾಗ್ಲಾ ಹಾಗಾದ್ರೆ?” ತೊಟ್ಟಿಗೆ ಅಳು ಬಂತು. ಇಬ್ಬರದ್ದೂ ಜಗಳ ಶುರು, ಬಾ ಅಂತ ಇವ, ಬರೋದಿಲ್ಲ ಅಂತ ಅವ, ರಾತ್ರಿ ಆದ್ರೂ ಮುಗೀಲಿಲ್ಲ.

ಆಗ ಪಟಪಟ ಅಂತ ಬಾವಲಿ ಬಂತು. ಅದಕ್ಕೆ ಜಗಳ ಗಿಗಳ ಬೇಡ, ಹಸಿವು. ಪರಿಮಳ ಹಿಡ್ಕೊಂಡು ಬಂದು ಹಣ್ಣಿಗೆ ಬಾಯಿ ಹಾಕಿ, ಬೀಜ ಸಮೇತ ಕಚ್ಕೊಂಡು ಹಾರಿಯೇ ಬಿಡ್ತು! ಮೇಲಿಂದ ಕುಂಬಳೆ ಹೊಳೆ ಕಾಣ್ತಿತ್ತು, ಆಚೆ ಕಡಲೂ ಕಾಣ್ತಿತ್ತು.

“ತಮ್ಮಾ, ನಾವು ಹಾರ್ತಾ ಇದ್ದೇವೆ!” ಅಂತ ಬೀಜ ಕಿರುಚಿದ. ಹಣ್ಣಿಗೆ ನಗು ತಡೀಲಿಕ್ಕೆ ಆಗ್ಲಿಲ್ಲ, ರಸ ಎಲ್ಲಾ ತೊಟ್ಟಿಕ್ಕಿತು.

ದೂರದ ಇನ್ನೊಂದು ಪದವಿನ ಮರದಲ್ಲಿ ಬಾವಲಿ ಕೂತ್ಕೊಂಡು ರಸ ಹೀರಿತು. ಬೀಜಕ್ಕೆ ಹಲ್ಲು ಹಾಕ್ಲೇ ಇಲ್ಲ, ಅಳಿಲಿನ ಸುದ್ದಿ ಅಲ್ಲಿವರೆಗೂ ಮುಟ್ಟಿತ್ತು. ಟಪ್ ಅಂತ ಬೀಜವನ್ನ ಕೆಳಗೆ ಹಾಕ್ತು, ಅದು ಮುರಕಲ್ಲಿನ ಸಂದಿಯಲ್ಲಿ ಬಿದ್ದು ಜೂನ್ ಮಳೆಗೆ ಮೊಳಕೆ ಬಂತು.

ಇಲ್ಲಿ ಮಾವಿನಮರದಲ್ಲಿ ಗೊರಟಿಗೆ ಈ ಸುದ್ದಿ ಗೊತ್ತಾಯ್ತು. “ಅಮ್ಮಾ, ನಾನೂ ಹೊರಗೆ ಕೂತ್ಕೊಂಡು ಹಾರ್ತೇನೆ” ಅಂತ ಒಂದೇ ಹಠ. ಮಾವು ಗದರಿಸ್ತು, “ಹೊರಗೆ ಬಿಸಿಲು ಉಂಟು, ಅಳಿಲು ಉಂಟು, ಬಾಯಿ ಮುಚ್ಚಿ ಮಲಗು.” ಗೊರಟು ಸಿಟ್ಟಲ್ಲಿ ಒಳಗಿಂದ್ಲೇ ತಿರುಳನ್ನ ನಾರು ನಾರಾಗಿ ಹಿಡ್ಕೊಂಡಿತು, ಅದಕ್ಕೇ ಕಾಟುಮಾವಿನ ಹಣ್ಣು ಎಷ್ಟು ಚೀಪಿದ್ರೂ ಗೊರಟು ಬಿಡೋದಿಲ್ಲ, ನಾರೆಲ್ಲ ನಮ್ಮ ಹಲ್ಲಿನ ಸಂದಿಗೆ.