ರಾತ್ರಿ ಪಾಳಿ ಆರೋಗ್ಯ ಕಾರ್ಯಕ್ರಮ: ನಿದ್ದೆ, ಕಣ್ಣು, ಊಟ (12 ವಾರಗಳ ಯೋಜನೆ)

ಯಾರಿಗೆ: ಆಪರೇಷನ್ಸ್, ರೋಸ್ಟರ್ ತಂಡ, ಟ್ರಾನ್ಸ್‌ಪೋರ್ಟ್, ಟೀಮ್ ಲೀಡ್‌ಗಳು, ಕ್ಯಾಂಟೀನ್ ಗುತ್ತಿಗೆದಾರರು
ವ್ಯಾಪ್ತಿ: ಬೆಳ್ಳಂದೂರು ಕಚೇರಿಯಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಕರೆ ತೆಗೆದುಕೊಳ್ಳುವ 180 ಮಂದಿ. ಪಾಳಿ ರಾತ್ರಿ 9:30ರಿಂದ ಬೆಳಿಗ್ಗೆ 6:30, ವಾರಕ್ಕೆ ಐದು ರಾತ್ರಿ.

ಗೋಡೆಗೆ ಪೋಸ್ಟರ್ ಅಂಟಿಸಿ ತಿಂಗಳಿಗೊಂದು ಯೋಗ ತರಗತಿ ಇಟ್ಟರೆ ಏನೂ ಬದಲಾಗುವುದಿಲ್ಲ. ನಿದ್ದೆ ಕಸಿಯುವುದು ರೋಸ್ಟರ್ ಮತ್ತು ಕ್ಯಾಬ್. ಕಣ್ಣು ಉರಿಸುವುದು ಎಸಿ ಗಾಳಿ ಮತ್ತು ಬಿಡುವಿಲ್ಲದ ಕರೆಗಳ ಕ್ಯೂ. ಆದ್ದರಿಂದ ಕೆಳಗಿನ ಪ್ರತಿ ಬಿಡುವೂ ರೋಸ್ಟರ್‌ನಲ್ಲೇ ದಾಖಲಾಗಬೇಕು, ಅಡ್ಹೆರೆನ್ಸ್ ಲೆಕ್ಕದಲ್ಲಿ ಕಡಿತವಾಗಬಾರದು.

ನಿದ್ದೆ

ಬೆಳಿಗ್ಗೆ ಮಲಗಿದವರಿಗೆ ಸಾಮಾನ್ಯವಾಗಿ ನಾಲ್ಕೈದು ಗಂಟೆಗೇ ಎಚ್ಚರವಾಗುತ್ತದೆ. ಹಗಲೇರಿದಂತೆ ಮೈಯ ಬಿಸಿಯೂ ಏರುವುದು ಇದಕ್ಕೆ ಕಾರಣ, ಸೋಮಾರಿತನವಾಗಲಿ ಶಿಸ್ತಿಲ್ಲದಿರುವುದಾಗಲಿ ಅಲ್ಲ. ಹಾಗಾಗಿ ನಿದ್ದೆಯನ್ನು ಎರಡು ಭಾಗ ಮಾಡಿಕೊಳ್ಳಲು ಹೇಳುತ್ತೇವೆ: ಬೆಳಿಗ್ಗೆ 8:30ರಿಂದ ಮಧ್ಯಾಹ್ನ 1:30, ಮತ್ತೆ ಸಂಜೆ 5:30ರಿಂದ 7. ವೀಕಾಫ್ ದಿನ ರಾತ್ರಿ 10ಕ್ಕೇ ಮಲಗಿದರೆ ದೇಹ ಮತ್ತೆ ಹಗಲಿನ ಲೆಕ್ಕಕ್ಕೆ ತಿರುಗುತ್ತದೆ, ಮರುಪಾಳಿಯ ಮೊದಲ ರಾತ್ರಿ ಕಷ್ಟವಾಗುತ್ತದೆ. ಅಂದು 3 ಗಂಟೆ ಸುಮಾರಿಗೆ ಮಲಗಿ 11ಕ್ಕೆ ಏಳುವುದು ನಡುದಾರಿ.

8:30ಕ್ಕೆ ಮಲಗಬೇಕಾದರೆ 8ರೊಳಗೆ ಮನೆಯಲ್ಲಿರಬೇಕು. ಕ್ಯಾಬ್ 6:40ಕ್ಕೆ ಹೊರಡಲಿ. ಕೊನೆಯ ಕರೆಯಲ್ಲಿ ಸಿಕ್ಕಿಕೊಂಡವರಿಗೆ 6:55ಕ್ಕೆ ಇನ್ನೊಂದಿರಲಿ. ಒಬ್ಬರಿಗಾಗಿ ಐವರು ಕಾದರೆ ಅಷ್ಟರಲ್ಲಿ ರಿಂಗ್ ರೋಡ್ ತುಂಬಿಬಿಡುತ್ತದೆ. ಕ್ಯಾಬ್‌ನಲ್ಲಿ ಕಪ್ಪು ಕನ್ನಡಕ ಹಾಕಿಕೊಳ್ಳಲು ತಿಳಿಸಿ, ಬೆಳಗಿನ ಬೆಳಕು ನಿದ್ದೆಯನ್ನು ಓಡಿಸುತ್ತದೆ. ಬೈಕಿನಲ್ಲಿ ಹೋಗುವವರು ತೂಕಡಿಕೆ ಇದ್ದರೆ ಹೊರಡುವ ಮೊದಲು ಇಲ್ಲೇ 20 ನಿಮಿಷ ಮಲಗಿ ಏಳಲಿ. ಅವರಿಗೆ ಕ್ಯಾಬ್ ಸೀಟೂ ಸಿಗುವಂತಿರಬೇಕು.

ಪಾಳಿ ನಡುವಿನ ಕಿರುನಿದ್ದೆಗೆ ಎರಡು ಕತ್ತಲೆ ಕೋಣೆ, ಮಹಿಳೆಯರಿಗೆ ಎಂಟು, ಪುರುಷರಿಗೆ ಎಂಟು ಒರಗುಕುರ್ಚಿ. 1:30ರಿಂದ 35 ನಿಮಿಷಕ್ಕೊಂದರಂತೆ ಐದು ಸರದಿ. ಹಾಗಾದರೆ ರಾತ್ರಿಗೆ 80 ಮಂದಿ, ಅಂದರೆ ಪ್ರತಿಯೊಬ್ಬರಿಗೂ ವಾರಕ್ಕೆ ಎರಡು ಸರದಿ. ಮಲಗುವುದು 20 ನಿಮಿಷ, ಉಳಿದ 15 ಮುಖ ತೊಳೆದು ಮಂಪರು ಇಳಿಸಿಕೊಳ್ಳಲು. ಎದ್ದ ತಕ್ಷಣ ಹೆಡ್‌ಸೆಟ್ ಹಾಕಿಸಿದರೆ ತಪ್ಪು ಎಂಟ್ರಿಗಳಾಗುತ್ತವೆ. ಮುಕ್ಕಾಲು ಗಂಟೆ ಮಲಗಲು ಬಿಟ್ಟರೆ ಗಾಢನಿದ್ದೆಯಿಂದ ಎಬ್ಬಿಸಿದಂತಾಗಿ ಮಂಪರು ಇನ್ನೂ ಹೆಚ್ಚುತ್ತದೆ. ಪ್ರತಿ ಸರದಿಗೂ 16 ಮಂದಿ ಕ್ಯೂನಿಂದ ಹೊರಗಿರುತ್ತಾರೆ ಎಂದೇ ರೋಸ್ಟರ್ ತಂಡ ಲೆಕ್ಕ ಹಾಕಲಿ. ಕಾಫಿ, ಟೀ ಕೊನೆಯದು 2 ಗಂಟೆಗೆ.

ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಬದಲಾಗಿ ನಮ್ಮ ಪಾಳಿ 10:30ರಿಂದ 7:30 ಆಗುತ್ತದೆ. ಲಾಗಿನ್ ಜೊತೆಗೆ ಊಟ, ಕ್ಯಾಬ್, ಕಿರುನಿದ್ದೆ ಸರದಿ, ಕೊನೆಯ ಕಾಫಿ ಎಲ್ಲವೂ ಒಂದು ಗಂಟೆ ಮುಂದೆ ಹೋಗಬೇಕು.

ಕಣ್ಣು

ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಮೇಲಿಂದ ಎಸಿ ಗಾಳಿ ಬೇರೆ. ಮೊದಲ ವಾರ ಫೆಸಿಲಿಟಿ ತಂಡ ಪ್ರತಿ ಸೀಟಿನಲ್ಲಿ ಕೂತು, ಮುಖಕ್ಕೆ ಗಾಳಿ ಬಡಿಯುವ ಕಡೆ ಎಸಿ ಬಾಯಿಗೆ ತಡೆಹಲಗೆ ಹಾಕಲಿ. ಪರದೆ 50ರಿಂದ 70 ಸೆಂ.ಮೀ. ದೂರ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಬೇಕು. ಆದರೆ ಬೇನಲ್ಲಿ ಕೂತವರಿಗೆ ಕಾಣುವುದು ಎದುರಿನ ಪಾರ್ಟಿಷನ್ ಮಾತ್ರ. ಹಾಗಾಗಿ ದೂರದ ಗೋಡೆಗಳ ಮೇಲೆ ಎದ್ದು ಕಾಣುವ ಬಣ್ಣದ ಫಲಕ ಹಾಕಿಸಿ, ಕರೆ ಮುಗಿದ ಮೇಲಿನ ಟಿಪ್ಪಣಿ ಪುಟದಲ್ಲೇ ನೆನಪೋಲೆ ಬರಲಿ.

40 ದಾಟಿದವರ ಕಣ್ಣಿನ ತಪಾಸಣೆ ಮೊದಲು. ಬೈಫೋಕಲ್ ಹಾಕಿದವರು ಕೆಳಭಾಗದಿಂದ ಪರದೆ ನೋಡಲು ಗದ್ದ ಎತ್ತುತ್ತಾರೆ, ಕುತ್ತಿಗೆ ನೋವಿಗೆ ಅದೇ ಮೂಲ. ಅವರಿಗೆ ಪರದೆಯ ದೂರಕ್ಕೇ ಅಳೆದ ಕನ್ನಡಕ ಬೇಕು. ಕಾಂಟ್ಯಾಕ್ಟ್ ಲೆನ್ಸ್‌ನವರು ಪಾಳಿಗೆ ಕನ್ನಡಕ ಹಾಕುವುದು ಒಳ್ಳೆಯದು. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹಣ ಹಾಕುವುದು ಬೇಡ, ಕಣ್ಣಿನ ಆಯಾಸ ಅದರಿಂದ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಮೆಡಿಕಲ್ ಶಾಪಿನಿಂದ ತಾವೇ ಸ್ಟೀರಾಯ್ಡ್ ಹನಿ ತಂದು ಹಾಕಿಕೊಳ್ಳಬಾರದೆಂದು ಎಲ್ಲರಿಗೂ ತಿಳಿಸಿ.

ಊಟ

ಹೊಟ್ಟೆ ತುಂಬ ಊಟ ಮನೆಯಲ್ಲೇ, ಕ್ಯಾಬ್ ಬರುವ ಮೊದಲು 7:30ಕ್ಕೆ. ರಾತ್ರಿ ದೇಹ ಸಕ್ಕರೆಯನ್ನು ನಿಧಾನವಾಗಿ ನಿಭಾಯಿಸುತ್ತದೆ. 2 ಗಂಟೆಗೆ ಬಿರಿಯಾನಿ, ಗೋಬಿ ಮಂಚೂರಿ ತಿಂದವರಿಗೆ 3ಕ್ಕೆ ತೂಕಡಿಕೆ, ಮಲಗಿದಾಗ ಎದೆಯುರಿ. ಕ್ಯಾಂಟೀನ್‌ನಲ್ಲಿ 12:30ಕ್ಕೆ ಎರಡು ಇಡ್ಲಿ ಅಥವಾ ಒಂದು ರಾಗಿ ದೋಸೆ, ಬೇಳೆ ಹೆಚ್ಚಿರುವ ಸಾಂಬಾರ್, ಒಂದು ಕಪ್ ಹೆಸರುಬೇಳೆ ಕೋಸಂಬರಿ ಇರಲಿ. 4ಕ್ಕೆ 200 ಮಿ.ಲೀ. ಮಜ್ಜಿಗೆ, ಒಂದು ಹಣ್ಣು ಅಥವಾ ಒಂದು ಹಿಡಿ ಹುರಿಗಡಲೆ. ಮೊದಲ ತಿಂಗಳು ಕರಿದದ್ದನ್ನು ಪೂರ್ತಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಆರ್ಡರ್ ಹೊರಗಿನಿಂದ ಬರುತ್ತದೆ. ರಾತ್ರಿ 12ರ ನಂತರ ಮಾತ್ರ ಅದನ್ನು ಕೌಂಟರ್‌ನಿಂದ ತೆಗೆಯಿರಿ.

ಶೌಚಾಲಯಕ್ಕೆ ಎದ್ದರೆ ಅಡ್ಹೆರೆನ್ಸ್ ಬೀಳುತ್ತದೆಂದು ಹಲವರು ನೀರೇ ಕುಡಿಯುವುದಿಲ್ಲ. ಆ ನಿಮಿಷಗಳನ್ನು ಲೆಕ್ಕದಿಂದ ಬಿಡಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಊಟದ ಸಮಯ ಬದಲಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಲೇಬೇಕು.

ಅಳತೆ

ಶುರುವಿನಲ್ಲಿ, 6 ಮತ್ತು 12ನೇ ವಾರದಲ್ಲಿ ಹೆಸರಿಲ್ಲದ ಐದು ಪ್ರಶ್ನೆ: ಎಷ್ಟು ಗಂಟೆ ನಿದ್ದೆ, ಕಣ್ಣುರಿ, ಎದೆಯುರಿ, ದಾರಿಯಲ್ಲಿ ತೂಕಡಿಕೆ, ಸರದಿ ಸಿಕ್ಕಿತೇ. ಉತ್ತರಗಳು ಟೀಮ್ ಲೀಡ್ ಕೈಗೆ ಹೋಗಬಾರದು, ಇನ್ಸೆಂಟಿವ್‌ಗೆ ತಳಕು ಹಾಕಬಾರದು. ಹಾಕಿದರೆ ಎಲ್ಲರೂ ಏಳು ಗಂಟೆ ಮಲಗಿದೆವೆಂದೇ ಬರೆಯುತ್ತಾರೆ. ಸರದಿ ತಪ್ಪಿದವರ ಪಟ್ಟಿಯನ್ನು ರೋಸ್ಟರ್ ತಂಡ ಪ್ರತಿ ಸೋಮವಾರ ಎಚ್‌ಆರ್‌ಗೆ ಕಳಿಸಲಿ.