1 = 2 ಎಂಬ ಸಾಧನೆ: ದಾರಿ ತಪ್ಪಿದ್ದು ಯಾವ ಸಾಲಿನಲ್ಲಿ?

ಹೈಸ್ಕೂಲಿನ ಬೀಜಗಣಿತ ಬಿಟ್ಟರೆ ಈ ಏಳು ಸಾಲುಗಳಲ್ಲಿ ಬೇರೇನೂ ಇಲ್ಲ. ಪೆನ್ಸಿಲ್ ಹಿಡಿದು ಓದಿ.

```
1)  a = b
2)  a² = ab
3)  a² − b² = ab − b²
4)  (a + b)(a − b) = b(a − b)
5)  a + b = b
6)  2b = b
7)  2 = 1
```

ಮೊದಲು a ಯಿಂದ ಗುಣಿಸಿದೆವು, ಆಮೇಲೆ ಎರಡೂ ಕಡೆ b² ಕಳೆದೆವು, ಅಪವರ್ತಿಸಿದೆವು. ಎರಡೂ ಕಡೆ ಇದ್ದ (a − b) ಯನ್ನು ಹೊಡೆದುಹಾಕಿದೆವು. a ಯ ಜಾಗದಲ್ಲಿ b ಬರೆದೆವು. ಕೊನೆಗೆ b ಯಿಂದ ಭಾಗಿಸಿದೆವು.

ಅಕ್ಷರಗಳನ್ನೇ ದಿಟ್ಟಿಸುತ್ತ ಕೂತರೆ ತಪ್ಪು ಸಿಗುವುದು ಕಷ್ಟ. ಅಂಕಿ ಹಾಕಿ ನೋಡಿ. a ಮತ್ತು b ಎರಡೂ 3 ಆಗಿರಲಿ.

```
2)  9 = 9
3)  0 = 0
4)  6 × 0 = 3 × 0
5)  6 = 3
```

ನಾಲ್ಕನೇ ಸಾಲಿನವರೆಗೆ ಎಲ್ಲವೂ ನಿಜ, ಐದನೆಯದು ಸುಳ್ಳು. ತಪ್ಪು ನಡೆದದ್ದು ಇವೆರಡರ ನಡುವೆ. ‘ಹೊಡೆದುಹಾಕುವುದು’ ಅಂದರೆ ಭಾಗಿಸುವುದೇ. ನಾವು ಭಾಗಿಸಿದ್ದು (a − b) ಯಿಂದ; a = b ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡ ಮೇಲೆ ಅದು ಸೊನ್ನೆ. 6 × 0 ಮತ್ತು 3 × 0 ಸಮ ಎಂದ ಮಾತ್ರಕ್ಕೆ 6 ಮತ್ತು 3 ಸಮವಾಗುವುದಿಲ್ಲ, ಏಕೆಂದರೆ ಸೊನ್ನೆಯಿಂದ ಗುಣಿಸಿದರೆ ಯಾವ ಸಂಖ್ಯೆಯೂ ಸೊನ್ನೆಯೇ.

ಸೊನ್ನೆಯ ಭಾಗಾಕಾರ ದೊಡ್ಡ ದೊಡ್ಡವರನ್ನೇ ಕಾಡಿದೆ. 628ರಲ್ಲಿ ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ. ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದ. ಆದರೆ 6 ÷ 0 = 6 ಆಗಬೇಕಾದರೆ 6 × 0 ಕೂಡ 6 ಆಗಬೇಕಲ್ಲ! ಭಾಗಾಕಾರ ಗುಣಾಕಾರವನ್ನು ಹಿಂದಕ್ಕೆ ತಿರುಗಿಸಬೇಕು. ಸೊನ್ನೆಯ ಗುಣಾಕಾರವನ್ನು ತಿರುಗಿಸಲು ದಾರಿಯೇ ಇಲ್ಲ.

ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ನನಗೆ ಇದಕ್ಕಿಂತ ಇಷ್ಟವಾದದ್ದು ಕೊನೆಯ ಹೆಜ್ಜೆ. 2b = b ನಿಜವಾಗಬೇಕಾದರೆ b ಸೊನ್ನೆಯೇ ಆಗಿರಬೇಕು. ಹಾಗಿದ್ದರೆ ಆರರಿಂದ ಏಳಕ್ಕೆ ಬರಲು b ಯಿಂದ ಭಾಗಿಸಿದ್ದೂ ಸೊನ್ನೆಯ ಭಾಗಾಕಾರವೇ. a, b ಎರಡಕ್ಕೂ 0 ಹಾಕಿ ನೋಡಿ: ಆರನೇ ಸಾಲಿನವರೆಗೆ ಪ್ರತಿಯೊಂದೂ 0 = 0, ಸುಳ್ಳಾಗುವುದು ಏಳನೆಯದು ಮಾತ್ರ. ಅಂದರೆ ಈ ಸಾಧನೆಯಲ್ಲಿ ಹೊಂಡ ಎರಡಿವೆ. ಮೊದಲನೆಯದನ್ನು ತಪ್ಪಿಸಿಕೊಂಡವರು ಎರಡನೆಯದಕ್ಕೆ ಬೀಳುತ್ತಾರೆ.

ನಾಲ್ಕನೇ ಸಾಲನ್ನು ಹೊಡೆದುಹಾಕದೆ ಒಂದೇ ಬದಿಗೆ ತಂದರೆ a(a − b) = 0. ಆಗ a = 0, ಇಲ್ಲವೇ a = b. ನಮಗೆ ಬೇಕಾಗಿದ್ದ a = b ಅಲ್ಲೇ ಇದೆ; ಹೊಡೆದುಹಾಕಿದಾಗ ಕಳೆದುಕೊಂಡದ್ದು ಅದನ್ನೇ. ಪರೀಕ್ಷೆಯಲ್ಲಿ x² = 5x ಬಂದಾಗ x ಹೊಡೆದುಹಾಕಿ x = 5 ಎಂದಷ್ಟೇ ಬರೆದು ಬಂದರೆ ಆಗುವ ನಷ್ಟವೂ ಇದೇ. x(x − 5) = 0 ಎಂದು ಬರೆಯಿರಿ, 0 ಮತ್ತು 5 ಎರಡು ಮೂಲಗಳೂ ಸಿಗುತ್ತವೆ.