ಶಿಫಾರಸು ಪತ್ರ

ಚಿಕ್ಕಮಗಳೂರು
12 ಜೂನ್ 2025

ಇವರಿಗೆ,
ಮುಖ್ಯಸ್ಥರು, ಹಡಗು ಸಿಬ್ಬಂದಿ ನೇಮಕಾತಿ ಕಚೇರಿ, ಮಂಗಳೂರು

ವಿಷಯ: ವಿದೇಶಿ ಕ್ರೂಸ್ ಹಡಗಿನ ಅಸಿಸ್ಟೆಂಟ್ ಕುಕ್ ಕೆಲಸಕ್ಕೆ ಚೇತನ್ ಅವರ ಶಿಫಾರಸು

ಮಾನ್ಯರೇ,

ಚೇತನ್ ಮೂಡಿಗೆರೆ ಕಡೆಯವರು. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮುಗಿಸಿ 2022ರ ಜುಲೈನಲ್ಲಿ ನಮ್ಮ ರೆಸಾರ್ಟಿಗೆ ಟ್ರೈನಿಯಾಗಿ ಬಂದರು, ಈಗ ಕಾಮಿ-2 ದರ್ಜೆಯ ಕುಕ್ ಆಗಿದ್ದಾರೆ. ಬಂದ ದಿನದಿಂದಲೂ ನನ್ನ ಕೈಕೆಳಗೇ ಕೆಲಸ ಮಾಡಿರುವುದರಿಂದ ಇಲ್ಲಿ ಬರೆದಿರುವುದೆಲ್ಲ ನಾನು ಕಣ್ಣಾರೆ ಕಂಡದ್ದು.

ಯಾರೂ ನೋಡದಿದ್ದಾಗಲೂ ಕ್ರಮ ತಪ್ಪದ ಹುಡುಗ ಇವರು. ಚಿಕನ್ ಸ್ಟಾಕ್ ಒಲೆಯಿಂದ ಇಳಿದರೆ ದೊಡ್ಡ ಪಾತ್ರೆಯಲ್ಲೇ ಬಿಡುವುದಿಲ್ಲ. ಆಳವಿಲ್ಲದ ಟ್ರೇಗಳಿಗೆ ಸೋಸಿ, ಐಸ್ ನೀರಿನ ಮೇಲಿಟ್ಟು, ಎರಡು ಗಂಟೆಯೊಳಗೆ 21 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತೇ ಎಂದು ಥರ್ಮಾಮೀಟರ್ ಚುಚ್ಚಿ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಅಲ್ಲಿಂದ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಬರಬೇಕು. ಅಷ್ಟರಲ್ಲಿ ಡ್ಯೂಟಿ ಮುಗಿದರೆ, ಮತ್ತೆ ಎಷ್ಟು ಹೊತ್ತಿಗೆ ನೋಡಬೇಕೆಂದು ರಾತ್ರಿ ಪಾಳಿಯವರಿಗೆ ತೋರಿಸಿಕೊಟ್ಟೇ ಹೊರಡುವುದು. ಅಮೆರಿಕದ ಬಂದರುಗಳಲ್ಲಿ ಹಡಗು ಹತ್ತುವ ಆರೋಗ್ಯ ತಪಾಸಣೆಯವರು ಇಂಥ ದಾಖಲೆಯನ್ನೇ ಕೇಳುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಳೆದ ಡಿಸೆಂಬರ್‌ನಲ್ಲಿ, ಬೆಂಗಳೂರಿನವರಿಂದ ಡೈನಿಂಗ್ ಹಾಲ್ ತುಂಬಿದ್ದ ಒಂದು ರಾತ್ರಿ, ಮಗುವೊಂದಕ್ಕೆ ಗೋಡಂಬಿ ಆಗದು ಎಂಬ ಚೀಟಿ ಬಂತು. ನಮ್ಮ ಕುರ್ಮಾ ಗ್ರೇವಿಗೆ ಗೋಡಂಬಿ ರುಬ್ಬಿ ಹಾಕಿರುತ್ತೇವೆ. ಅಷ್ಟೊಂದು ಆರ್ಡರ್ ಬಾಕಿಯಿದ್ದರೂ ಚೇತನ್ ಕೈ ತೊಳೆದು, ಬೇರೆ ಬೋರ್ಡು, ಬೇರೆ ಬಾಣಲೆ ತೆಗೆದುಕೊಂಡು, ಹೊಸದಾಗಿ ಈರುಳ್ಳಿ ಹೆಚ್ಚಿ, ಟೊಮೆಟೊ ಹಾಕಿ ಬೇರೆಯೇ ಗ್ರೇವಿ ಮಾಡಿದರು. ತಟ್ಟೆ ಅದಲುಬದಲಾಗದಿರಲೆಂದು ತಾವೇ ಟೇಬಲ್‌ಗೆ ಒಯ್ದು ಕೊಟ್ಟು ಬಂದರು. ಅವರಿಗಿಂತ ಹಿರಿಯ ಕುಕ್‌ಗಳಲ್ಲೂ ಈ ಎಚ್ಚರವನ್ನು ನಾನು ಯಾವಾಗಲೂ ಕಂಡಿಲ್ಲ.

ಚಾಕು ಹಿಡಿತ ಚೆನ್ನಾಗಿದೆ. ಇಂಡಿಯನ್ ಗ್ರೇವಿಗಳು, ಬೆಳಗಿನ ಮೊಟ್ಟೆ ಕೌಂಟರ್, ಗ್ರಿಲ್, ಈ ಮೂರನ್ನೂ ಧೈರ್ಯವಾಗಿ ಒಪ್ಪಿಸಬಹುದು. ಬೇಕರಿ ಕೆಲಸ ಇನ್ನೂ ಪಳಗಿಲ್ಲ, ಮೊದಲ ಕಾಂಟ್ರ್ಯಾಕ್ಟ್‌ನಲ್ಲಿ ಅಲ್ಲಿಗೆ ಹಾಕದಿರುವುದು ಒಳ್ಳೆಯದು. ಇಂಗ್ಲಿಷ್ ನಿಧಾನ, ಆದರೆ ಹೇಳಿದ ಆರ್ಡರ್ ಒಂದೇ ಸಲಕ್ಕೆ ಹಿಡಿಯುತ್ತಾರೆ. ಅರ್ಥವಾಗದಿದ್ದರೆ ನಾಚಿಕೆಯಿಲ್ಲದೆ ಮತ್ತೆ ಕೇಳುತ್ತಾರೆ.

ಆರೇಳು ತಿಂಗಳು ಮನೆ ಬಿಟ್ಟು, ವಾರದ ರಜೆಯಿಲ್ಲದೆ, ಸಣ್ಣ ಕ್ಯಾಬಿನ್‌ನಲ್ಲಿ ಇನ್ನೊಬ್ಬರ ಜೊತೆ ಇರಬೇಕಾದ ಕೆಲಸ ಎಂಬುದನ್ನು ಅವರ ತಂದೆತಾಯಿಯ ಎದುರೇ ಕೂರಿಸಿ ವಿವರಿಸಿದ್ದೇನೆ. ಯೋಚಿಸಿಯೇ ಒಪ್ಪಿದ್ದಾರೆ. ನಮ್ಮ ಸ್ಟಾಫ್ ಕ್ವಾರ್ಟರ್ಸ್‌ನಲ್ಲಿ ಒಡಿಶಾದ, ನೇಪಾಳದ ಹುಡುಗರೊಂದಿಗೆ ಒಂದೇ ಕೋಣೆಯಲ್ಲಿದ್ದಾರೆ, ಇದುವರೆಗೆ ಒಂದು ದೂರೂ ನನ್ನ ಹತ್ತಿರ ಬಂದಿಲ್ಲ. ಎಸ್‌ಟಿಸಿಡಬ್ಲ್ಯೂ ಮೂಲ ಸುರಕ್ಷತಾ ತರಬೇತಿಯನ್ನೂ ಮುಗಿಸಿದ್ದಾರೆ.

ಸೀಸನ್‌ಗೆ ಮೊದಲು ಇಂಥವರನ್ನು ಕಳಿಸಿಕೊಡುವುದು ನನಗೆ ಕಷ್ಟವೇ. ಆದರೂ ಅವರನ್ನು ತೆಗೆದುಕೊಳ್ಳಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ನೀವು ಆಯ್ಕೆ ಮಾಡಿದರೆ ಒಂದು ತಿಂಗಳ ನೋಟಿಸ್‌ನಲ್ಲಿ ಬಿಡುಗಡೆ ಮಾಡಲು ಆಡಳಿತದವರೂ ಒಪ್ಪಿದ್ದಾರೆ. ಹೆಚ್ಚಿನ ವಿವರ ಬೇಕಿದ್ದರೆ ಲೆಟರ್‌ಹೆಡ್‌ನಲ್ಲಿರುವ ಸಂಖ್ಯೆಗೆ ಮಧ್ಯಾಹ್ನ 3ರಿಂದ 5ರೊಳಗೆ ಕರೆ ಮಾಡಿ, ಆ ಹೊತ್ತಿನಲ್ಲಿ ನಾನೇ ಸಿಗುತ್ತೇನೆ.

ವಂದನೆಗಳೊಂದಿಗೆ,

ರಾಜಶೇಖರ್
ಎಕ್ಸಿಕ್ಯೂಟಿವ್ ಶೆಫ್